ರೇಟ್ ಏರಿದ್ದು ಅಕ್ಟೋಬರ್‌ಗೆ, ಹೇಳಿದ್ದು ಆಗಸ್ಟ್‌ನಲ್ಲೇ

ಅರಸೀಕೆರೆಯಲ್ಲಿ ಕೂತು ಹಳೇಬೀಡಿನ ಹತ್ತಿರದ ಒಂದು ಹೋಂಸ್ಟೇಗೆ ಇನ್‌ಸ್ಟಾಗ್ರಾಂ ಪೋಸ್ಟ್ ಮಾಡಿಕೊಡ್ತೀನಿ. ತಿಂಗಳಿಗೆ 12 ಪೋಸ್ಟ್, ಒಂದಕ್ಕೆ 500 ರೂಪಾಯಿ. ಶುರುವಿನಲ್ಲಿ ಅವರೇ ಕಳಿಸಿದ ಫೋಟೊಗೆ ಎರಡು ಸಾಲು ಬರೆದರೆ ಮುಗೀತಿತ್ತು. 2023ರಲ್ಲಿ ಬೇಲೂರು, ಹಳೇಬೀಡು ದೇವಸ್ಥಾನಗಳು ಯುನೆಸ್ಕೊ ಪಟ್ಟಿಗೆ ಸೇರಿದ ಮೇಲೆ ಹೊರರಾಜ್ಯದವರಿಗೂ ಮುಟ್ಟಬೇಕು ಅಂತ ಇಂಗ್ಲಿಷ್ ಬರಹ, ರೀಲ್ಸ್ ಎಲ್ಲ ಸೇರಿಕೊಂಡವು. ರೇಟ್ ಮಾತ್ರ ಅದೇ.

ಎರಡು ವರ್ಷ ಆದಮೇಲೆ 600 ಮಾಡೋಣ ಅಂದುಕೊಂಡೆ. ದಸರಾ, ಡಿಸೆಂಬರ್ ಸೀಸನ್‌ಗೆ ಅವರು ರೂಮಿನ ದರ ಕೂರಿಸೋ ಮೊದಲೇ ನನ್ನ ದರ ಗೊತ್ತಾಗಬೇಕಲ್ವಾ? ಅದಕ್ಕೇ ಆಗಸ್ಟ್ ಮೊದಲ ವಾರದಲ್ಲಿ ಫೋನ್ ಮಾಡಿದೆ. ಮನೆ ಬಾಡಿಗೆ, ಪೆಟ್ರೋಲ್ ಮಾತು ಎತ್ತಲಿಲ್ಲ. ಅದು ನನ್ನ ತಾಪತ್ರಯ. ಕೆಲಸ ಏನೇನು ಹೆಚ್ಚಿದೆ ಅಂತಷ್ಟೇ ಹೇಳಿ, ಆಮೇಲೆ ವಾಟ್ಸಾಪ್ ಹಾಕಿದೆ:

“ಸರ್, ಅಕ್ಟೋಬರ್ 1ರಿಂದ ಪೋಸ್ಟಿಗೆ 600. ಆಗಸ್ಟ್, ಸೆಪ್ಟೆಂಬರ್ ಕೆಲಸಕ್ಕೆ ಹಳೇ ರೇಟೇ.”

“ಜಾಸ್ತಿ ಆಯ್ತಲ್ಲಮ್ಮ, 550 ಮಾಡ್ಕೊ” ಅಂದರು. ಇಲ್ಲಿ ರೇಟ್ ಬಿಟ್ಟುಕೊಟ್ಟರೆ ಮುಂದಿನ ಸಲವೂ ಚೌಕಾಸಿಯೇ. ರೇಟ್ ಇಳಿಸದೆ ಕೆಲಸ ಇಳಿಸಿದೆ: “ನಿಮ್ಮ ಬಜೆಟ್ 6,000 ಮೀರಬಾರದು ಅಂದ್ರೆ 10 ಪೋಸ್ಟ್ ಮಾಡೋಣ ಸರ್. 12 ಬೇಕಂದ್ರೆ 7,200 ಆಗುತ್ತೆ.”

ನಾಲ್ಕು ದಿನ ಉತ್ತರವಿಲ್ಲ. ನಾನೂ ಕೆದಕಲಿಲ್ಲ, ಆ ತಿಂಗಳ ಪೋಸ್ಟ್ ಹೇಳಿದ ದಿನಕ್ಕೇ ಕಳಿಸ್ತಾ ಇದ್ದೆ. ಐದನೇ ದಿನ ಮೆಸೇಜ್ ಬಂತು: “ಸದ್ಯಕ್ಕೆ 10 ಸಾಕು. ಡಿಸೆಂಬರ್‌ಗೆ 12 ಮಾಡಮ್ಮ.”