ಮೊದಲ ಸುತ್ತಿನಲ್ಲಿ ಎಲ್ಲರದೂ ಸರಿ

ಪ್ರೋಗ್ರಾಮಿಂಗ್ ಕಲಿಸುವವರು ಕಂಪ್ಯೂಟರ್ ಮುಂದೆ ಕೂರಿಸಿ ಕಲಿಸುತ್ತಾರೆ. ಪರೀಕ್ಷೆಯನ್ನು ಮಾತ್ರ ಹಾಳೆಯ ಮೇಲೆ ಬರೆಸುತ್ತಾರೆ. ‘ಈ ಪ್ರೋಗ್ರಾಮಿನ ಔಟ್‌ಪುಟ್ ಏನು?’ ಎಂಬ ಪ್ರಶ್ನೆಗೆ ಅಲ್ಲಿ ರನ್ ಬಟನ್ ಇರುವುದಿಲ್ಲ. ನಾನು ಕಂಪ್ಯೂಟರ್ ಸೈನ್ಸಿನಲ್ಲಿ ಪಿಎಚ್.ಡಿ. ಮಾಡುತ್ತಿರುವುದರಿಂದ ನಮ್ಮ ಮನೆತನದ ಇಂಥ ಪ್ರಶ್ನೆಗಳೆಲ್ಲ ನನಗೇ ಬರುತ್ತವೆ. ಚಿಕ್ಕಪ್ಪನ ಮಗಳು ಬಿಸಿಎ ಓದುತ್ತಿದ್ದಾಳೆ. ಸಿ ಭಾಷೆಯ ಪೇಪರ್ ಒಂದು ಸಲ ಉಳಿದುಹೋಗಿದೆ, ಈ ಸಲವೂ ಹೋದರೆ ಓದು ಬಿಡಿಸುವ ಮಾತು ಮನೆಯಲ್ಲಿ ನಡೆದಿದೆ. ಅವಳ ಹತ್ತಿರ ಇರುವುದು ಒಂದು ಫೋನ್ ಮಾತ್ರ. ಅದರಿಂದಲೇ ಒಂದು ಸ್ಕ್ರೀನ್‌ಶಾಟ್ ಕಳಿಸಿದಳು.

```c
int i, j, s = 0;
for (i = 1; i <= 3; i++) {
    for (j = i; j <= 3; j++) {
        s = s + j;
    }
    printf("%d ", s);
}
printf("%d %d", i, j);
```

“ಅಕ್ಕಾ, ಮೊದಲ ಮೂರು ನಂಬರ್ ನನಗೆ 6 5 3 ಬರ್ತಿದೆ, ನನ್ನ ಫ್ರೆಂಡಿಗೆ 6 12 18. ಯಾರದು ಸರಿ?”

ಇಬ್ಬರದೂ ಸರಿಯಲ್ಲ. ಆದರೆ ಇಬ್ಬರ ಉತ್ತರವೂ 6ರಿಂದಲೇ ಶುರುವಾಗಿರುವುದನ್ನು ನೋಡಿ. ಸರಿಯಾದ ಉತ್ತರದ ಮೊದಲ ಸಂಖ್ಯೆಯೂ 6ೇ. ಲೂಪಿನೊಳಗಿನ ಲೂಪು ಮೋಸ ಮಾಡುವುದು ಹೀಗೆ: ಮೊದಲ ಸುತ್ತಿನಲ್ಲಿ ಎಲ್ಲರದೂ ಸರಿಯಾಗಿರುತ್ತದೆ, ‘ಅರ್ಥವಾಯಿತು’ ಅನ್ನಿಸುತ್ತದೆ, ಮುಂದಿನದನ್ನು ಮನಸ್ಸಿನಲ್ಲೇ ಓಡಿಸಿಬಿಡುತ್ತೇವೆ. ವ್ಯತ್ಯಾಸ ಹೊರಬೀಳುವುದು ಎರಡನೇ ಸುತ್ತಿನಲ್ಲಿ.

ಉತ್ತರ ಹೇಳದೆ, ಒಂದು ಹಾಳೆಯಲ್ಲಿ ಕೋಷ್ಟಕ ಎಳೆಯಲು ಹೇಳಿದೆ. ಒಂದೊಂದು ವೇರಿಯಬಲ್ಲಿಗೆ ಒಂದೊಂದು ಕಂಬಸಾಲು, ಒಳಗಿನ ಷರತ್ತಿಗೆ ಒಂದು, ಪರದೆಯ ಮೇಲೆ ಬೀಳುವುದಕ್ಕೆ ಒಂದು. ಒಳಗಿನ ಷರತ್ತನ್ನು ಪರೀಕ್ಷಿಸಿದಾಗಲೆಲ್ಲ ಹೊಸ ಸಾಲು. ಷರತ್ತು ಸುಳ್ಳಾದರೂ ಸಾಲು ಬರೆಯಲೇಬೇಕು.

| i | j | j <= 3 | s | ಮುದ್ರಣ |
|---|---|---|---|---|
| 1 | 1 | ಹೌದು | 1 | |
| 1 | 2 | ಹೌದು | 3 | |
| 1 | 3 | ಹೌದು | 6 | |
| 1 | 4 | ಇಲ್ಲ | 6 | 6 |
| 2 | 2 | ಹೌದು | 8 | |
| 2 | 3 | ಹೌದು | 11 | |
| 2 | 4 | ಇಲ್ಲ | 11 | 11 |
| 3 | 3 | ಹೌದು | 14 | |
| 3 | 4 | ಇಲ್ಲ | 14 | 14 |
| 4 | 4 | – | 14 | 4 4 |

ಐದನೇ ಸಾಲಿಗೆ ಬಂದಾಗ ಅವಳೇ ನಿಂತಳು. “`s` ಮತ್ತೆ ಸೊನ್ನೆ ಆಗಲ್ವಾ ಅಕ್ಕಾ?” ಸೊನ್ನೆ ಮಾಡುವ `s = 0` ಎರಡೂ ಲೂಪುಗಳ ಹೊರಗಿದೆ, ಅದು ಒಮ್ಮೆ ಮಾತ್ರ ನಡೆಯುತ್ತದೆ. `j = i` ಹಾಗಲ್ಲ, ಹೊರಗಿನ ಲೂಪು ಸುತ್ತಿದಾಗಲೆಲ್ಲ ನಡೆಯುತ್ತದೆ. ಹೀಗಾಗಿ `j` ಹಳೆಯದನ್ನು ಮರೆಯುತ್ತದೆ, `s` ಇಟ್ಟುಕೊಳ್ಳುತ್ತದೆ. ಅವಳು ಎರಡನ್ನೂ ಮರೆಸಿದ್ದಳು, ಅದಕ್ಕೇ 6 5 3.

ಗೆಳತಿಯ 6 12 18 ಬಂದ ದಾರಿ ಬೇರೆ. ಅವಳ `s` ಸರಿಯಾಗಿ ಕೂಡುತ್ತಾ ಹೋಗಿದೆ, ಆದರೆ ಪ್ರತಿ ಸುತ್ತಿನಲ್ಲೂ ಆರೇ ಸೇರಿದೆ. ಅಂದರೆ `j` ಪ್ರತಿ ಸಲವೂ 1ರಿಂದ ಶುರುವಾಗಿದೆ. ಕೈಯಿಂದ ಕೈಗೆ ಬಂದು ಮಸುಕಾದ ಚಿತ್ರದಲ್ಲಿ `j = i` ಎಂಬುದು `j = 1` ಎಂಬಂತೆಯೇ ಕಾಣುತ್ತಿತ್ತು. ಮೊದಲ ಸುತ್ತಿನಲ್ಲಿ `i` ಬೆಲೆಯೂ ಒಂದೇ ಆದ್ದರಿಂದ ಈ ತಪ್ಪು ಓದು ಅಲ್ಲಿ ಸಿಕ್ಕಿಬೀಳುವುದಿಲ್ಲ. ಹಾಗಾಗಿ ಸ್ಕ್ರೀನ್‌ಶಾಟ್ ಆದರೆ ಕೋಷ್ಟಕಕ್ಕೆ ಮುಂಚೆ ಚಿತ್ರವನ್ನು ಹಿಗ್ಗಿಸಿ, ಕೋಡನ್ನು ಕೈಯಿಂದ ಹಾಳೆಗೆ ಇಳಿಸಿಕೊಳ್ಳಬೇಕು. `<` ಇದೆಯೋ `<=` ಇದೆಯೋ, ಒಳಗಿನ ಆವರಣ ಎಲ್ಲಿ ಮುಚ್ಚಿದೆ, `for` ಸಾಲಿನ ಕೊನೆಯಲ್ಲಿ ಅರ್ಧವಿರಾಮ ಕೂತಿದೆಯೋ ನೋಡಬೇಕು. ಒಳಗಿನ `for` ಕೊನೆಗೆ ಒಂದು ಅರ್ಧವಿರಾಮ ಬಿದ್ದರೆ ಲೂಪು ಬರಿದೇ ಸುತ್ತಿ ಮುಗಿಯುತ್ತದೆ. ಕೂಡುವ ಸಾಲು ಸುತ್ತಿಗೆ ಒಮ್ಮೆ, ಅದೂ `j` ನಾಲ್ಕಾದ ಮೇಲೆ ನಡೆದು 4 8 12 ಬರುತ್ತದೆ. ಒಳಗಿನ ಆವರಣ `printf` ಆದಮೇಲೆ ಮುಚ್ಚಿದ್ದರೆ 1 3 6 8 11 14 ಬರುತ್ತದೆ.

‘ಇಲ್ಲ’ ಎಂಬ ಸಾಲುಗಳು ಏಕೆ ಬೇಕೆಂದರೆ, ಕೊನೆಯ `printf` ಕೇಳುತ್ತಿರುವುದು ಅವುಗಳನ್ನೇ. ಲೂಪು 3ರವರೆಗೆ ಎಂದು ಓದಿದವರು 3 3 ಎಂದು ಬರೆಯುತ್ತಾರೆ. ಆದರೆ 3ರಲ್ಲಿ ಷರತ್ತು ಇನ್ನೂ ನಿಜ. ಅದು ಸುಳ್ಳಾಗಬೇಕಾದರೆ ಬೆಲೆ ನಾಲ್ಕಾಗಲೇಬೇಕು. ಪೂರ್ತಿ ಔಟ್‌ಪುಟ್ `6 11 14 4 4`.

ಈ ಕೋಷ್ಟಕಕ್ಕೂ ಮಿತಿ ಇದೆ. ಇದೇ ಕೋಡಿನಲ್ಲಿ 3ರ ಜಾಗದಲ್ಲಿ 100 ಇದ್ದರೆ ಕೂಡುವ ಸಾಲು 5050 ಸಲ ನಡೆಯುತ್ತದೆ, ಅಷ್ಟನ್ನು ಯಾರೂ ಬರೆಯಲಾರರು. ಆಗಲೂ ಮೂರಕ್ಕೇ ಇಳಿಸಿ ಬರೆಯಬೇಕು. ‘ಹೌದು’ಗಳನ್ನು ಎಣಿಸಿದರೆ ಸುತ್ತಿಗೆ ಮೂರು, ಎರಡು, ಒಂದು. ನೂರಕ್ಕಾದರೆ ಅದು ನೂರು, ತೊಂಬತ್ತೊಂಬತ್ತು, ತೊಂಬತ್ತೆಂಟು ಎಂದು ಒಂದರವರೆಗೆ ಇಳಿಯುತ್ತದೆ. ಆ ಇಳಿತ ಕಣ್ಣಿಗೆ ಬೀಳಬೇಕಾದರೂ ಮೊದಲ ಸುತ್ತು ಸಾಲದು, ಎರಡನೆಯದನ್ನು ಬರೆದೇ ನೋಡಬೇಕು.