8,904 ರೂಪಾಯಿ ಎಲ್ಲಿ ಹೋಯಿತು? ಬ್ಯಾಂಕ್ ಹೊಂದಾಣಿಕೆ ತಃಖ್ತೆಯ ಒಂದು ರಸಪ್ರಶ್ನೆ

ಪ್ರಥಮ ಪಿಯುಸಿ ಲೆಕ್ಕಶಾಸ್ತ್ರದಲ್ಲಿ ಬ್ಯಾಂಕ್ ಹೊಂದಾಣಿಕೆ ತಃಖ್ತೆಯ ಹೆಚ್ಚಿನ ಲೆಕ್ಕಗಳಲ್ಲಿ ವ್ಯತ್ಯಾಸದ ಕಾರಣವನ್ನು ಪ್ರಶ್ನೆಯೇ ಹೇಳಿಬಿಡುತ್ತದೆ. ‘ನೀಡಿದ ಚೆಕ್ಕು ಪಾವತಿಗೆ ಹಾಜರಾಗಿಲ್ಲ, 12,500 ರೂ.’ ಎಂದು ಬರೆದ ಮೇಲೆ ವಿದ್ಯಾರ್ಥಿಗೆ ಉಳಿಯುವುದು ಕೂಡಿಸಬೇಕೋ ಕಳೆಯಬೇಕೋ ಎಂಬುದಷ್ಟೆ. ಅದಕ್ಕೊಂದು ಪಟ್ಟಿ ಬಾಯಿಪಾಠವಾಗಿರುತ್ತದೆ. ಆದರೆ ಅಂಗಡಿಯ ಗುಮಾಸ್ತನಿಗೆ ಯಾರೂ ಹೀಗೆ ವಾಕ್ಯ ಬರೆದು ಕೊಡುವುದಿಲ್ಲ. ಅವನ ಮುಂದೆ ಇರುವುದು ಎರಡು ಪುಸ್ತಕಗಳು, ಎರಡು ಬೇರೆ ಬೇರೆ ಶಿಲ್ಕುಗಳು.

ಮಡಿಕೇರಿಯ ಕಾಲೇಜೊಂದರಲ್ಲಿ ಬೋಧನಾಭ್ಯಾಸದ ಅವಧಿಯಲ್ಲಿ ಈ ಘಟಕ ನನ್ನ ಪಾಲಿಗೆ ಬಂದಾಗ, ಮಾರ್ಗದರ್ಶಕ ಉಪನ್ಯಾಸಕರ ಒಪ್ಪಿಗೆ ಪಡೆದು ಘಟಕದ ಕೊನೆಗೆ ಒಂದು ರಸಪ್ರಶ್ನೆ ಮಾಡಿದೆ. ಪ್ರಶ್ನೆ ಒಂದೇ. ಮಡಿಕೇರಿ ಪೇಟೆಯಲ್ಲಿ ಕಾಳುಮೆಣಸು, ಕಾಫಿಪುಡಿ ಮಾರುವ ಒಂದು ಕಾಲ್ಪನಿಕ ಅಂಗಡಿಯ ಮಾರ್ಚ್ ತಿಂಗಳ ನಗದು ಪುಸ್ತಕದ ಬ್ಯಾಂಕ್ ಅಂಕಣವನ್ನೂ ಅದೇ ತಿಂಗಳ ಪಾಸ್‌ಬುಕ್ಕಿನ ಪ್ರತಿಯನ್ನೂ ಪ್ರತಿ ತಂಡಕ್ಕೆ ಕೊಟ್ಟೆ. ಮಾರ್ಚ್ 31ಕ್ಕೆ ನಗದು ಪುಸ್ತಕದಲ್ಲಿ ಡೆಬಿಟ್ ಶಿಲ್ಕು 48,200 ರೂ., ಪಾಸ್‌ಬುಕ್ಕಿನಲ್ಲಿ ಕ್ರೆಡಿಟ್ ಶಿಲ್ಕು 57,104 ರೂ. ವ್ಯತ್ಯಾಸ 8,904 ರೂ. ಕಾರಣಗಳನ್ನು ಹುಡುಕಿ ಬರೆಯಬೇಕು.

ಮೊದಲ ತೊಡಕು ಬದಿಗಳದ್ದು. ಪಾಸ್‌ಬುಕ್ಕು ನಮ್ಮ ಕೈಯಲ್ಲಿದ್ದರೂ ಅದು ಬ್ಯಾಂಕು ತನ್ನ ಪುಸ್ತಕದಲ್ಲಿ ಬರೆದ ನಮ್ಮ ಖಾತೆಯ ನಕಲು. ನಾವು ಇಟ್ಟ ಹಣ ನಮಗೆ ಆಸ್ತಿ, ಬ್ಯಾಂಕಿಗೆ ಸಾಲ. ಆದ್ದರಿಂದ ನಮ್ಮ ಡೆಬಿಟ್ ಅಲ್ಲಿ ಕ್ರೆಡಿಟ್ ಆಗಿರುತ್ತದೆ. ನಗದು ಪುಸ್ತಕದ ಡೆಬಿಟ್ ಬದಿಯ ಒಂದು ಮೊತ್ತವನ್ನು ಪಾಸ್‌ಬುಕ್ಕಿನ ಕ್ರೆಡಿಟ್ ಅಂಕಣದಲ್ಲಿ ಹುಡುಕಿ, ಸಿಕ್ಕರೆ ಎರಡೂ ಕಡೆ ಟಿಕ್ ಹಾಕಬೇಕು. ಹೀಗೆ ಎಲ್ಲವನ್ನೂ ಮುಗಿಸಿದ ಮೇಲೆ ಟಿಕ್ ಇಲ್ಲದೆ ಉಳಿದವೇ ಕಾರಣಗಳ ಸುಳಿವು.

ತಂಡಗಳಿಗೆ ನಾಲ್ಕು ಕಾರಣಗಳು ಬೇಗ ಸಿಕ್ಕವು. ಮಾರ್ಚ್ 28ರಂದು ಮೆಣಸಿನ ಬೆಳೆಗಾರರಿಗೆ ಕೊಟ್ಟ 12,500 ರೂ. ಚೆಕ್ಕು ಪಾಸ್‌ಬುಕ್ಕಿನಲ್ಲಿ ಇರಲಿಲ್ಲ. ಕುಶಾಲನಗರದ ಗಿರಾಕಿ ಕೊಟ್ಟ 8,000 ರೂ. ಚೆಕ್ಕನ್ನು 31ರಂದು ಬ್ಯಾಂಕಿಗೆ ಹಾಕಿದ್ದರೂ ಅದು ಜಮೆಯಾಗಿರಲಿಲ್ಲ. ಇನ್ನೊಬ್ಬ ಗಿರಾಕಿ ನೇರವಾಗಿ ಖಾತೆಗೆ ಕಳುಹಿಸಿದ 5,000 ರೂ., ಬ್ಯಾಂಕು ಹಿಡಿದುಕೊಂಡ 236 ರೂ. ಶುಲ್ಕ ಇವೆರಡೂ ಪಾಸ್‌ಬುಕ್ಕಿನಲ್ಲಿ ಮಾತ್ರ ಇದ್ದವು. ‘236 ಯಾಕೆ ಇಂಥ ಸಂಖ್ಯೆ?’ ಎಂದು ಕೇಳಿದಾಗ ಒಬ್ಬ ಹುಡುಗ 200ಕ್ಕೆ ಶೇಕಡಾ 18 ಜಿಎಸ್‌ಟಿ ಕೂಡಿಸಿ ತೋರಿಸಿದ.

ಅಷ್ಟರಲ್ಲಿ ಒಂದು ತಂಡದಿಂದ ಕೂಗು ಬಂತು: “ಮೇಡಂ, ಮಾರ್ಚ್ 3ಕ್ಕೆ ಯಾರೋ ಆರು ಸಾವಿರ ತೆಗೆದಿದ್ದಾರೆ. ನಗದು ಪುಸ್ತಕದಲ್ಲಿ ಇಲ್ಲವೇ ಇಲ್ಲ.” ಪಾಸ್‌ಬುಕ್ಕಿನಲ್ಲಿ ಆ ದಿನ 6,000 ರೂ. ಡೆಬಿಟ್ ಇದ್ದದ್ದು ನಿಜ. ತಂಡದ ಉತ್ತರ ಪತ್ರಿಕೆಯಲ್ಲಿ ‘ಹಣ ದುರುಪಯೋಗ’ ಎಂದು ಬರೆದಾಗಿತ್ತು. ನಾನು ಉತ್ತರ ಹೇಳದೆ ಫೆಬ್ರವರಿಯ ಹೊಂದಾಣಿಕೆ ತಃಖ್ತೆಯನ್ನು ಕೊಟ್ಟೆ. ಅದರಲ್ಲಿ ಫೆಬ್ರವರಿ 26ರಂದು ಕೊಟ್ಟ, ತಿಂಗಳ ಕೊನೆಗೆ ಇನ್ನೂ ಹಾಜರಾಗದ 6,000 ರೂ. ಚೆಕ್ಕು ಇತ್ತು. ಅದೇ ಚೆಕ್ಕು ಮಾರ್ಚ್ 3ರಂದು ಬ್ಯಾಂಕಿಗೆ ಬಂದು ಪಾವತಿಯಾಗಿದೆ. ಮಾರ್ಚ್ 31ರ ವ್ಯತ್ಯಾಸದಲ್ಲಿ ಅದರ ಪಾಲೇನೂ ಇಲ್ಲ. ಟಿಕ್ ಹಾಕುವ ಕೆಲಸವನ್ನು ಈ ತಿಂಗಳ ಮೊದಲ ಸಾಲಿನಿಂದಲ್ಲ, ಕಳೆದ ತಿಂಗಳು ಬಾಕಿ ಉಳಿದ ಕಲಮುಗಳಿಂದ ಶುರು ಮಾಡಬೇಕು ಎಂಬುದು ತರಗತಿಗೆ ಆಗ ತಾನಾಗಿಯೇ ಹೊಳೆಯಿತು.

ಆ ‘ದುರುಪಯೋಗ’ ಎಂಬ ಪದದ ಬಗ್ಗೆ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಮೆಲ್ಲಗೆ ಮಾತಾಡಿದಳು. ಅವಳ ಅಮ್ಮ ಸ್ವಸಹಾಯ ಸಂಘವೊಂದರ ಲೆಕ್ಕ ಬರೆಯುತ್ತಾರೆ. ಒಮ್ಮೆ ಸಂಘದ ಪುಸ್ತಕಕ್ಕಿಂತ ಬ್ಯಾಂಕಿನಲ್ಲಿ ಹಣ ಕಡಿಮೆ ಇದ್ದುದರಿಂದ ಎರಡು ಸಭೆಗಳಲ್ಲಿ ಎಲ್ಲರೂ ಅವರ ಮುಖವನ್ನೇ ನೋಡಿದರಂತೆ. ಪಾಸ್‌ಬುಕ್ಕಿಗೆ ಎಂಟ್ರಿ ಹಾಕಿಸಿದ ಮೇಲೆ ತಿಳಿದದ್ದು, ಸಾಲದ ಬಡ್ಡಿಯನ್ನು ಬ್ಯಾಂಕೇ ಖಾತೆಯಿಂದ ಮುರಿದುಕೊಂಡಿತ್ತು. “ಅಮ್ಮ ಆಮೇಲೆ ಪುಸ್ತಕ ಮುಟ್ಟುವುದಿಲ್ಲ ಎಂದಿದ್ದರು ಮೇಡಂ” ಎಂದಳು. ಆ ತಂಡದವರು ತಾವಾಗಿಯೇ ಪದವನ್ನು ಹೊಡೆದುಹಾಕಿದರು.

ನಾಲ್ಕು ಕಾರಣಗಳನ್ನೂ ಸೇರಿಸಿ ಲೆಕ್ಕ ಹಾಕಿದರೆ ಪಾಸ್‌ಬುಕ್ಕಿನ ಶಿಲ್ಕು 57,464 ರೂ. ಬರಬೇಕು. ಇದ್ದದ್ದು 57,104. ಇನ್ನೂ 360 ರೂ. ಹೊಂದುತ್ತಿಲ್ಲ. ಇಲ್ಲಿ ಎರಡು ಹಳೆಯ ಪರೀಕ್ಷೆಗಳು ಉಪಯೋಗಕ್ಕೆ ಬಂದವು. ಉಳಿದ ಮೊತ್ತದ ಅರ್ಧ, ಅಂದರೆ 180 ರೂ., ಯಾವುದಾದರೂ ಕಲಮಿನಲ್ಲಿ ಇದೆಯೇ? ಇದ್ದರೆ ಅದನ್ನು ತಪ್ಪು ಬದಿಗೆ ಬರೆದಿರಬಹುದು. ಅಂಥದ್ದು ಇರಲಿಲ್ಲ. 360 ಒಂಬತ್ತರಿಂದ ಭಾಗವಾಗುತ್ತದೆಯೇ? ಆಗುತ್ತದೆ. ಹಾಗಿದ್ದರೆ ಅಕ್ಕಪಕ್ಕದ ಎರಡು ಅಂಕಿಗಳು ಅದಲುಬದಲಾಗಿರಬಹುದು. ಹುಡುಕಿದಾಗ ವಿದ್ಯುತ್ ಬಿಲ್ಲಿಗೆ ಕೊಟ್ಟ ಚೆಕ್ಕು ನಗದು ಪುಸ್ತಕದಲ್ಲಿ 2,370, ಪಾಸ್‌ಬುಕ್ಕಿನಲ್ಲಿ 2,730. ಯಾವುದು ಸರಿ ಎಂಬುದನ್ನು ಒಂಬತ್ತರ ಪರೀಕ್ಷೆ ಹೇಳುವುದಿಲ್ಲ, ಬಿಲ್ಲು ಹೇಳುತ್ತದೆ. ಜೊತೆಗಿಟ್ಟ ಬಿಲ್ಲಿನಲ್ಲಿ 2,730 ಇತ್ತು. ಈ ಪರೀಕ್ಷೆಯನ್ನು ಮೊದಲೇ 8,904ರ ಮೇಲೆ ಮಾಡಿದ್ದ ತಂಡಕ್ಕೆ ಏನೂ ಸಿಕ್ಕಿರಲಿಲ್ಲ, ಏಕೆಂದರೆ ಆ ಮೊತ್ತದಲ್ಲಿ ಐದು ಕಾರಣಗಳು ಬೆರೆತಿದ್ದವು. ಗೊತ್ತಿರುವ ಕಾರಣಗಳನ್ನು ತೆಗೆದು ಉಳಿದದ್ದರ ಮೇಲೆ ಮಾತ್ರ ಅದು ಕೆಲಸ ಮಾಡುತ್ತದೆ.

ಐದು ಕಾರಣಗಳು ಸಿಕ್ಕ ಮೇಲೆ ಎರಡನೇ ಸುತ್ತಿನಲ್ಲಿ ಕೇಳಿದ್ದು: ಇವುಗಳಲ್ಲಿ ಯಾವುವು ತಾವಾಗಿಯೇ ಸರಿಹೋಗುತ್ತವೆ, ಯಾವುದಕ್ಕೆ ನಾವು ಪೆನ್ನು ಹಿಡಿಯಬೇಕು? 5,000 ರೂ. ಜಮೆ, 236 ರೂ. ಶುಲ್ಕ, 360 ರೂ. ತಪ್ಪು ಈ ಮೂರೂ ಎಷ್ಟು ದಿನ ಕಾದರೂ ಸರಿಹೋಗುವುದಿಲ್ಲ. ಅವನ್ನು ನಗದು ಪುಸ್ತಕದಲ್ಲೇ ಬರೆಯಬೇಕು. ಬರೆದರೆ ತಿದ್ದಿದ ಶಿಲ್ಕು 52,604 ರೂ. ಆಸ್ತಿ-ಜವಾಬ್ದಾರಿ ಪಟ್ಟಿಗೆ ಹೋಗಬೇಕಾದದ್ದು ಇದೇ ಮೊತ್ತ, 48,200 ಅಲ್ಲ, 57,104 ಕೂಡ ಅಲ್ಲ. ತಃಖ್ತೆಯಲ್ಲಿ ಉಳಿಯುವುದು ಎರಡು ಚೆಕ್ಕುಗಳು ಮಾತ್ರ: 52,604ಕ್ಕೆ 12,500 ಕೂಡಿಸಿ 8,000 ಕಳೆದರೆ 57,104.

ಆ ಎರಡು ಚೆಕ್ಕುಗಳಿಗೂ ಕಾಯುವ ಅವಧಿಗೆ ಮಿತಿ ಇದೆ. ಈಗ ಚೆಕ್ಕಿನ ಚಿತ್ರವನ್ನಷ್ಟೇ ಕಳುಹಿಸಿ ಕ್ಲಿಯರಿಂಗ್ ನಡೆಯುವುದರಿಂದ ನಾವು ಹಾಕಿದ 8,000 ರೂ. ಚೆಕ್ಕು ಏಪ್ರಿಲ್ ಮೊದಲ ವಾರ ಮುಗಿದರೂ ಜಮೆಯಾಗದಿದ್ದರೆ, ಅಮಾನ್ಯವಾಗಿದೆಯೇ ಎಂದು ಬ್ಯಾಂಕಿನಲ್ಲಿ ವಿಚಾರಿಸಬೇಕು. ನಾವು ಕೊಟ್ಟ ಚೆಕ್ಕಿಗೆ 2012ರ ಏಪ್ರಿಲ್ 1ರಿಂದ ಮೂರು ತಿಂಗಳ ಆಯುಸ್ಸು. ಜೂನ್ ಕೊನೆಯ ತಃಖ್ತೆಯಲ್ಲೂ ಅದು ಕಂಡರೆ ‘ಹಾಜರಾಗಿಲ್ಲ’ ಎಂದು ಮತ್ತೆ ಬರೆದು ಸುಮ್ಮನಿರುವಂತಿಲ್ಲ. ಚೆಕ್ಕಿನ ಅವಧಿ ಮುಗಿದಿದೆ, ಆದರೆ ಬೆಳೆಗಾರರಿಗೆ ಕೊಡಬೇಕಾದ ಸಾಲ ಮುಗಿದಿಲ್ಲ. ನಗದು ಪುಸ್ತಕದಲ್ಲಿ ಹಣವನ್ನು ಹಿಂದಕ್ಕೆ ತಂದು, ಅವರ ಖಾತೆಗೆ ಜಮೆ ತೋರಿಸಿ, ಹೊಸ ಚೆಕ್ಕು ಕೊಡಬೇಕು.

ಅಂಕ ಹಂಚುವಾಗ ಸರಿಯಾದ ಮೊತ್ತಕ್ಕೆ ಒಂದು, ಕಾರಣಕ್ಕೆ ಒಂದು, ಅದಕ್ಕೆ ಆಧಾರವಾದ ದಾಖಲೆ ಹೆಸರಿಸಿದ್ದಕ್ಕೆ ಒಂದು ಎಂದು ಇಟ್ಟೆ. ಮೂರನೆಯ ಅಂಕವೇ ತಂಡಗಳನ್ನು ಬೇರೆ ಮಾಡಿದ್ದು. ಈ ಘಟಕವನ್ನು ಮುಂದೆ ತೆಗೆದುಕೊಳ್ಳುವ ಸಹಪ್ರಶಿಕ್ಷಣಾರ್ಥಿಗಳು ಎರಡು ಪುಸ್ತಕಗಳ ಜೊತೆ ಹಿಂದಿನ ತಿಂಗಳ ತಃಖ್ತೆಯನ್ನೂ ಒಂದೆರಡು ಬಿಲ್ಲುಗಳನ್ನೂ ಸಿದ್ಧಪಡಿಸಿಟ್ಟುಕೊಂಡು, ಮಕ್ಕಳು ಕೇಳಿದಾಗ ಮಾತ್ರ ಕೊಡಲಿ.