ಒಂದೇ ಊರಿನ ಜ್ವರ, ಮೂರು ಲೆಕ್ಕ

ಮಳೆಗಾಲ ಬಂತೆಂದರೆ ಘಟಪ್ರಭಾ ಸುತ್ತಲಿನ ಹಳ್ಳಿಗಳಿಂದ ನನಗೆ ಬರುವ ಫೋನ್‌ಗಳಲ್ಲಿ ಒಂದು ಪ್ರಶ್ನೆ ತಪ್ಪದೇ ಇರುತ್ತದೆ. "ನಮ್ಮೂರಾಗ ಮನಿಗೊಬ್ರು ಜ್ವರದಿಂದ ಮಲಗ್ಯಾರ. ಪೇಪರ್‌ನ್ಯಾಗ ನೋಡಿದ್ರ ಇಡೀ ತಾಲೂಕಿಗೇ ಎರಡು ಕೇಸ್ ಅಂತ ಐತಿ. ಯಾರು ಸುಳ್ಳು ಹೇಳಾಕತ್ತಾರ?" ಗೋಕಾಕ ಕಡೆಯವರೂ ಕೇಳುತ್ತಾರೆ, ಹುಕ್ಕೇರಿ ಕಡೆಯವರೂ ಕೇಳುತ್ತಾರೆ. ಬಹಳ ಸಲ ಯಾರೂ ಸುಳ್ಳು ಹೇಳಿರುವುದಿಲ್ಲ. ಇಬ್ಬರೂ ಬೇರೆ ಬೇರೆಯದನ್ನು ಎಣಿಸಿರುತ್ತಾರೆ, ಅಷ್ಟೇ.

2006ರ ಚಿಕೂನ್‌ಗುನ್ಯ ನಿಮಗೆ ನೆನಪಿರಬಹುದು. ಕೀಲುಗಳು ಹಿಡಿದು, ಜನ ಗೋಡೆ ಹಿಡಿದು ನಡೆಯುತ್ತಿದ್ದ ವರ್ಷ ಅದು. ಆ ಅಕ್ಟೋಬರ್ ಹೊತ್ತಿಗೆ ಕರ್ನಾಟಕ ಒಂದರಲ್ಲೇ 7,52,245 ಶಂಕಿತ ಪ್ರಕರಣ ಎಂದು ಲೆಕ್ಕವಾಗಿತ್ತು. ವರ್ಷದ ಕೊನೆಗೆ ದೇಶದಲ್ಲಿ ಶಂಕಿತರು ಸುಮಾರು 13.9 ಲಕ್ಷ. ಆದರೆ ಪ್ರಯೋಗಾಲಯದಲ್ಲಿ ಖಚಿತವಾದವರು ಇಡೀ ದೇಶಕ್ಕೆ ಸುಮಾರು 2 ಸಾವಿರ ಮಾತ್ರ. ಹಾಗಾದರೆ ಉಳಿದ ಲಕ್ಷಾಂತರ ಜನರಿಗೆ ರೋಗವೇ ಇರಲಿಲ್ಲವೇ? ಹಾಗಲ್ಲ. ಅವರಲ್ಲಿ ಹೆಚ್ಚಿನವರ ರಕ್ತವನ್ನು ಯಾರೂ ಪರೀಕ್ಷೆಗೆ ಕಳಿಸಿರಲೇ ಇಲ್ಲ.

ಜ್ವರದ ಲೆಕ್ಕ ಮೂರು ಜರಡಿ ದಾಟಿ ಬರುತ್ತದೆ. ಯಾರನ್ನು ಎಣಿಸಬೇಕು, ಯಾರನ್ನು ಬಿಡಬೇಕು ಎಂದು ಮೊದಲೇ ಬರೆದಿಟ್ಟ ನಿಯಮವೇ ಆ ಜರಡಿ. ಚಿಕೂನ್‌ಗುನ್ಯಕ್ಕೆ ವಿಶ್ವ ಆರೋಗ್ಯ ಸಂಸ್ಥೆ ಬರೆದ ನಿಯಮ ನೋಡೋಣ. ಏಕಾಏಕಿ 38.5 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚು ಜ್ವರ, ಜೊತೆಗೆ ತೀವ್ರ ಕೀಲುನೋವು, ಅದಕ್ಕೆ ಬೇರೆ ಕಾರಣ ಕಾಣುತ್ತಿಲ್ಲ ಎಂದರೆ ಆ ವ್ಯಕ್ತಿ 'ಶಂಕಿತ'. ಅದೇ ವ್ಯಕ್ತಿ ಜ್ವರ ಬರುವ ಮುಂಚಿನ 15 ದಿನದಲ್ಲಿ ರೋಗ ಹರಡಿದ ಊರಲ್ಲಿ ಇದ್ದಿದ್ದರೆ ಅಥವಾ ಅಲ್ಲಿಗೆ ಹೋಗಿಬಂದಿದ್ದರೆ 'ಸಂಭವನೀಯ'. ರಕ್ತಪರೀಕ್ಷೆಯಲ್ಲಿ ವೈರಸ್ ಅಥವಾ ಅದರ ವಿರುದ್ಧ ಮೈ ಹೊಸದಾಗಿ ತಯಾರಿಸಿದ ಪ್ರತಿಕಾಯ ಸಿಕ್ಕರೆ 'ಖಚಿತ'.

ನಮ್ಮ ಸರ್ಕಾರಿ ವ್ಯವಸ್ಥೆಯಲ್ಲೂ ಹೆಚ್ಚು ಕಡಿಮೆ ಇದೇ ಮೂರು ಮೆಟ್ಟಿಲು. ಮನೆ ಮನೆ ತಿರುಗುವ ಸಿಸ್ಟರ್ ಲಕ್ಷಣ ನೋಡಿ ತುಂಬುವುದು 'ಎಸ್' ಫಾರ್ಮ್. ಆಸ್ಪತ್ರೆಯ ಡಾಕ್ಟರ್ ತಪಾಸಣೆ ಮಾಡಿ ತುಂಬುವುದು 'ಪಿ' ಫಾರ್ಮ್. ಲ್ಯಾಬ್‌ನವರು ತುಂಬುವುದು 'ಎಲ್' ಫಾರ್ಮ್. ಒಬ್ಬನೇ ರೋಗಿ ಮೂರರಲ್ಲೂ ಇರಬಹುದು. ಹಾಗಾಗಿ ಮೂರನ್ನೂ ಕೂಡಿಸಿ ಒಟ್ಟು ಹೇಳುವುದು ತಪ್ಪು.

ಒಂದು ಊರನ್ನು ಲೆಕ್ಕಕ್ಕಾಗಿ ಕಲ್ಪಿಸಿಕೊಳ್ಳಿ. ಒಂದು ವಾರದಲ್ಲಿ ಸಿಸ್ಟರ್‌ಗೆ ಜ್ವರ, ಕೀಲುನೋವು ಎರಡೂ ಇದ್ದ 120 ಜನ ಸಿಕ್ಕರು. ಅವರಲ್ಲಿ 80 ಜನ ಪಿಎಚ್‌ಸಿಗೆ ಬಂದರು, ಉಳಿದವರು ಖಾಸಗಿ ಕಡೆ ಹೋದರು ಅಥವಾ ಮನೆಯಲ್ಲೇ ಉಳಿದರು. ಡಾಕ್ಟರ್ ನೋಡಿದಾಗ 20 ಜನರಿಗೆ ಗಂಟಲು ಸೋಂಕು, ಮೂತ್ರದ ಸೋಂಕಿನಂಥ ಬೇರೆ ಕಾರಣ ಕಂಡಿತು. ಉಳಿದವರು 60. ಅವರಲ್ಲಿ 10 ಜನರ ರಕ್ತ ಜಿಲ್ಲಾ ಲ್ಯಾಬ್‌ಗೆ ಹೋಯಿತು, 6 ಪಾಸಿಟಿವ್ ಬಂತು. ಈಗ ಊರಿನವರು 120 ಅನ್ನುತ್ತಾರೆ, ಡಾಕ್ಟರ್ 60 ಅನ್ನುತ್ತಾರೆ, ಪೇಪರ್ 6 ಅನ್ನುತ್ತದೆ. ಮೂರೂ ಖರೆ.

ಮುಂದಿನ ವಾರವೂ ಜ್ವರ ಅಷ್ಟೇ ಇದೆ, ಆದರೆ ಈ ಸಲ 30 ಜನರ ರಕ್ತ ಹೋಯಿತು, 18 ಪಾಸಿಟಿವ್ ಬಂತು ಎಂದುಕೊಳ್ಳಿ. 'ರೋಗ ಮೂರು ಪಟ್ಟು' ಎಂದು ತಲೆಬರಹ ಬರುತ್ತದೆ. ನಿಜವಾಗಿ ಹೆಚ್ಚಿದ್ದು ಪರೀಕ್ಷೆ. ಹೋದ ವಾರವೂ ಹತ್ತಕ್ಕೆ ಆರು, ಈ ವಾರವೂ ಹತ್ತಕ್ಕೆ ಆರು. ಹಾಗೆಯೇ ಕಿಟ್ ಮುಗಿದು ರಕ್ತ ಕಳಿಸುವುದೇ ನಿಂತರೆ ಖಚಿತ ಪ್ರಕರಣ ಸೊನ್ನೆಯಾಗುತ್ತದೆ. ಆ ಸೊನ್ನೆಗೆ ರೋಗ ಹೋಯಿತು ಎಂಬ ಅರ್ಥವಿಲ್ಲ.

ಪರೀಕ್ಷೆ ಮಾಡಿದರೂ ಒಂದು ತೊಡಕಿದೆ. ಸಾಮಾನ್ಯವಾಗಿ ಮಾಡುವ ಐಜಿಎಂ ಎಲೈಸಾ ಪರೀಕ್ಷೆ ಹುಡುಕುವುದು ಪ್ರತಿಕಾಯವನ್ನು. ಅದು ರಕ್ತದಲ್ಲಿ ಚೆನ್ನಾಗಿ ಕಾಣಲು ಜ್ವರ ಬಂದು ಸುಮಾರು ಐದು ದಿನವಾಗಬೇಕು. ಎರಡನೇ ದಿನವೇ ರಕ್ತ ತೆಗೆದರೆ ರೋಗವಿದ್ದೂ ನೆಗೆಟಿವ್ ಬರಬಹುದು. ಮೊದಲ ದಿನಗಳಲ್ಲಿ ವೈರಸ್ಸನ್ನೇ ಹುಡುಕುವ ಆರ್‌ಟಿ-ಪಿಸಿಆರ್ ಬೇಕು, ಇಲ್ಲವೇ ವಾರ ಬಿಟ್ಟು ಮತ್ತೆ ರಕ್ತ ತೆಗೆಯಬೇಕು. ಆದ್ದರಿಂದ ಚೀಟಿಯಲ್ಲಿ 'ಜ್ವರದ ಎಷ್ಟನೇ ದಿನ' ಎಂದು ಬರೆದಿರದಿದ್ದರೆ ಆ ನೆಗೆಟಿವ್ ಮೇಲೆ ಹೆಚ್ಚು ಭಾರ ಹಾಕಬಾರದು.

ಡೆಂಗಿಯಲ್ಲಿ ಜಗಳ ಇನ್ನೊಂದು ಕಡೆಯಿಂದ ಬರುತ್ತದೆ. ಖಾಸಗಿ ಲ್ಯಾಬ್‌ನಲ್ಲಿ ಕೆಲವೇ ನಿಮಿಷದಲ್ಲಿ ಗೆರೆ ಮೂಡುವ ಕಾರ್ಡ್ ಟೆಸ್ಟ್ ಮಾಡಿ 'ಡೆಂಗಿ ಪಾಸಿಟಿವ್' ಎಂದು ಕೊಡುತ್ತಾರೆ. ಮನೆಯವರು ಗಾಬರಿಯಾಗಿ ಅಡ್ಮಿಟ್ ಮಾಡುತ್ತಾರೆ. ಆದರೆ ಸರ್ಕಾರದ ಖಚಿತ ಪಟ್ಟಿಯಲ್ಲಿ ಆ ಹೆಸರು ಇರುವುದಿಲ್ಲ. ಏಕೆಂದರೆ ರಾಷ್ಟ್ರೀಯ ನಿಯಮದ ಪ್ರಕಾರ ಕಾರ್ಡ್ ಟೆಸ್ಟ್ ಪಾಸಿಟಿವ್ ಆದರೆ ಅದು 'ಸಂಭವನೀಯ' ಮಾತ್ರ. ಕಾರ್ಡ್ ಕೆಲವೊಮ್ಮೆ ಇದ್ದ ರೋಗವನ್ನು ಬಿಡುತ್ತದೆ, ಕೆಲವೊಮ್ಮೆ ಇಲ್ಲದ್ದನ್ನು ತೋರಿಸುತ್ತದೆ. ಎನ್‌ಎಸ್‌1 ಎಲೈಸಾ, ಐಜಿಎಂ ಎಲೈಸಾದಂಥ ಪರೀಕ್ಷೆಯಲ್ಲಿ ಬಂದರೆ ಮಾತ್ರ 'ಖಚಿತ'. ಹಾಗಂತ ಕಾರ್ಡ್ ಪಾಸಿಟಿವ್ ಬಂದ ರೋಗಿಯ ಚಿಕಿತ್ಸೆ ಪಟ್ಟಿಗಾಗಿ ಕಾಯಬೇಕಿಲ್ಲ. ಡಾಕ್ಟರ್ ರೋಗಿಯನ್ನು ನೋಡಿ ಔಷಧ ಕೊಡುತ್ತಾರೆ. ಪಟ್ಟಿ ಇರುವುದು ಎಣಿಕೆಗೆ.

ಜರಡಿಯ ಕಣ್ಣು ಬದಲಾದರೂ ಲೆಕ್ಕ ಜಿಗಿಯುತ್ತದೆ. 2020ರ ಫೆಬ್ರವರಿಯಲ್ಲಿ ಚೀನಾದ ಹುಬೈ ಪ್ರಾಂತ್ಯದಲ್ಲಿ ಒಂದೇ ದಿನ 14,840 ಹೊಸ ಕೊರೊನಾ ಪ್ರಕರಣ ಘೋಷಣೆಯಾಯಿತು. ಜಗತ್ತು ಬೆಚ್ಚಿತು. ಅದರಲ್ಲಿ 13,332 ಜನ ಅಂದೇ ಹೊಸದಾಗಿ ಬಿದ್ದವರಲ್ಲ. ಲ್ಯಾಬ್ ವರದಿ ಇಲ್ಲದಿದ್ದರೂ ಎದೆಯ ಸ್ಕ್ಯಾನ್ ಮತ್ತು ಲಕ್ಷಣ ನೋಡಿ ಡಾಕ್ಟರ್ ಗುರುತಿಸಿದವರನ್ನೂ ಎಣಿಸಬೇಕು ಎಂದು ನಿಯಮ ಬದಲಿಸಿದ್ದರು. ನಮ್ಮ 120ರ ಊರಲ್ಲೂ 'ಜ್ವರ ಇದ್ದರೆ ಸಾಕು' ಎಂದರೆ ನೆಗಡಿ ಜ್ವರದವರೂ ಸೇರಿ ಲೆಕ್ಕ ಏರುತ್ತದೆ. 'ನಡೆಯಲಾಗದಷ್ಟು ಕೀಲುನೋವು ಇರಬೇಕು' ಎಂದರೆ ಇಳಿಯುತ್ತದೆ. ಒಂದು ಸೊಳ್ಳೆಯೂ ಹೆಚ್ಚಿರುವುದಿಲ್ಲ, ಕಡಿಮೆಯಾಗಿರುವುದಿಲ್ಲ.

ಹಾಗಾದರೆ ಯಾವ ಲೆಕ್ಕ ನಂಬಬೇಕು? ಕೆಲಸ ನೋಡಿ ಲೆಕ್ಕ ಹಿಡಿಯಬೇಕು. ಬಂದಿರುವ ರೋಗದ ಹೆಸರೇನು ಎಂದು ತಿಳಿಯಲು ಖಚಿತ ಲೆಕ್ಕ ಬೇಕು. ಅದಕ್ಕೆ ಊರಿಗೆ ಕೆಲವೇ ಮಾದರಿ ಸಾಕು, ಪ್ರತಿಯೊಬ್ಬರ ರಕ್ತ ಬೇಕಿಲ್ಲ. ಬ್ಯಾರಲ್ ಖಾಲಿ ಮಾಡಿಸಿ ಲಾರ್ವಾ ನೋಡುವುದಕ್ಕೆ, ಜ್ವರದ ಕ್ಯಾಂಪ್ ಹಾಕುವುದಕ್ಕೆ ಶಂಕಿತ ಲೆಕ್ಕವೇ ಸಾಕು. ವರದಿ ಬರುವವರೆಗೆ ಕಾದರೆ ಸೊಳ್ಳೆ ಕಾಯುವುದಿಲ್ಲ. 'ಖಚಿತ ಪ್ರಕರಣ ಇಲ್ಲ, ಕ್ಯಾಂಪ್ ಬೇಡ' ಎಂದು ಯಾರಾದರೂ ಹೇಳಿದರೆ, ನಮ್ಮೂರಿಂದ ಎಷ್ಟು ಮಾದರಿ ಹೋಗಿವೆ, ಜ್ವರದ ಎಷ್ಟನೇ ದಿನ ತೆಗೆದಿರಿ ಎಂದು ಕೇಳಿ. ಪಂಚಾಯಿತಿ ಸಭೆಯಲ್ಲಿ ಕೇಳಬಹುದಾದ ನೇರ ಪ್ರಶ್ನೆ ಅದು.

ನಾನು ಜ್ವರದ ಸುದ್ದಿ ಬರೆಯುವಾಗ ಒಂದು ಸಂಖ್ಯೆ ಕೊಟ್ಟು ಬಿಡುವುದಿಲ್ಲ. ಶಂಕಿತರು ಇಷ್ಟು, ಪರೀಕ್ಷೆ ಮಾಡಿದ್ದು ಇಷ್ಟು, ಅದರಲ್ಲಿ ಖಚಿತವಾದದ್ದು ಇಷ್ಟು ಎಂದು ಒಂದೇ ಸಾಲಿನಲ್ಲಿ ಬರೆಯುತ್ತೇನೆ. ಸಾಲು ಉದ್ದವಾಗುತ್ತದೆ, ತಲೆಬರಹಕ್ಕೆ ಹಿಡಿಸುವುದಿಲ್ಲ. ಆದರೆ ಮನೆಯಲ್ಲಿ ಜ್ವರದಿಂದ ಮಲಗಿದವರು ಅದನ್ನು ಓದಿದರೆ, ತಾವು ಯಾವ ಲೆಕ್ಕದಲ್ಲಿ ಇದ್ದೇವೆ ಎಂಬುದು ಅವರಿಗೆ ಗೊತ್ತಾಗುತ್ತದೆ.